ಅರವತ್ತರ ಬಲ್ಬು, ನೂರರ ಬಲ್ಬು ಮತ್ತು ನಾನು ಬರೆಸಿದ ತಪ್ಪು

ಇಂಟರ್ನ್‌ಶಿಪ್‌ನ ಏಳನೇ ವಾರದ ಮಂಗಳವಾರ. ಹತ್ತನೇ ತರಗತಿ ‘ಬಿ’ ವಿಭಾಗಕ್ಕೆ ವಿದ್ಯುಚ್ಛಕ್ತಿ ಪಾಠದಲ್ಲಿ ಸರಣಿ ಜೋಡಣೆ ಮುಗಿಸಿ, ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದ ಎರಡು ಲೆಕ್ಕಗಳನ್ನೂ ಮಾಡಿಸಿ ಆಗಿತ್ತು. ಗಂಟೆ ಹೊಡೆಯಲು ಇನ್ನೂ ಐದು ನಿಮಿಷ ಇತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮಿಸ್, ಒಂದು 60 ವ್ಯಾಟಿನ ಬಲ್ಬು, ಒಂದು 100 ವ್ಯಾಟಿನ ಬಲ್ಬು ಸರಣಿಯಲ್ಲಿ ಹಾಕಿದ್ರೆ ಯಾವುದು ಜಾಸ್ತಿ ಉರಿಯುತ್ತೆ?” ಎಂದ. ಪ್ರಶ್ನೆ ಎಷ್ಟು ಚೆನ್ನಾಗಿದೆ ಎಂಬ ಖುಷಿಯಲ್ಲಿ ನಾನು ಯೋಚಿಸಲೇ ಇಲ್ಲ. “ನೂರರದ್ದೇ, ವ್ಯಾಟ್ ಜಾಸ್ತಿ ಅಲ್ವಾ” ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಒಳ್ಳೆಯ ಪ್ರಶ್ನೆ ಎಂದು ಅದನ್ನೂ ಉತ್ತರವನ್ನೂ ಬೋರ್ಡಿನ ಮೇಲೆ ಬರೆದು, 38 ಮಕ್ಕಳಿಗೂ ಬರೆದುಕೊಳ್ಳಲು ಹೇಳಿದೆ.

ಆ ಸಂಜೆ ಏಳೂವರೆ ಸುಮಾರಿಗೆ ಮುಂದಿನ ಪಾಠಕ್ಕಾಗಿ ವಿದ್ಯುತ್ ಸಾಮರ್ಥ್ಯದ ಲೆಕ್ಕ ಮಾಡುತ್ತ ಕುಳಿತಾಗ R = V²/P ಎಂದು ಬರೆದ ಕೈ ನಿಂತಿತು. ಬಲ್ಬಿನ ಮೇಲೆ ಬರೆದಿರುವ ವ್ಯಾಟ್ 220 ವೋಲ್ಟ್ ಪೂರ್ತಿ ಸಿಕ್ಕಾಗಿನ ಮಾತು. ಮನೆಯಲ್ಲಿ ಎಲ್ಲವೂ ಸಮಾಂತರ ಜೋಡಣೆ, ಆದ್ದರಿಂದ ನೂರರ ಬಲ್ಬೇ ಹೆಚ್ಚು ಬೆಳಗುತ್ತದೆ. ಸರಣಿಯಲ್ಲಿ ಹಾಗಲ್ಲ. ಅಲ್ಲಿ ಎರಡರಲ್ಲೂ ಒಂದೇ ಪ್ರವಾಹ, ಹಂಚಿಹೋಗುವುದು ವಿಭವಾಂತರ. ಅರವತ್ತರ ಬಲ್ಬಿನ ರೋಧ ಸುಮಾರು 807 ಓಮ್, ನೂರರದ್ದು 484 ಓಮ್. ಪ್ರವಾಹ ಒಂದೇ ಆದಾಗ P = I²R ಪ್ರಕಾರ ರೋಧ ಹೆಚ್ಚಿರುವುದರಲ್ಲೇ ಹೆಚ್ಚು ಸಾಮರ್ಥ್ಯ ವ್ಯಯವಾಗುತ್ತದೆ. ಲೆಕ್ಕ ಹಾಕಿದರೆ ಅರವತ್ತರದ್ದಕ್ಕೆ 23 ವ್ಯಾಟಿನಷ್ಟು, ನೂರರದ್ದಕ್ಕೆ ಬರೀ 14. ನಾನು ಬರೆಸಿದ್ದು ತದ್ವಿರುದ್ಧ.

ನಾನು ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಹಾಗಾಗಿ ಮೊದಲು ಬಂದದ್ದು ನಾಚಿಕೆ. ಅದರ ಬೆನ್ನಿಗೇ ಬಂದ ಯೋಚನೆ: ಗುರುವಾರ ‘ಬಿ’ ವಿಭಾಗಕ್ಕೆ ಮತ್ತೆ ನನ್ನದೇ ಪಾಠ ಇದೆಯಲ್ಲ, ಅಲ್ಲಿ ಸದ್ದಿಲ್ಲದೆ ತಿದ್ದಿಬಿಟ್ಟರಾಯಿತು, ಯಾರಿಗೂ ಹೇಳಬೇಕಾಗಿಲ್ಲ.

ನಮ್ಮಲ್ಲಿ ಬಹುತೇಕ ಪ್ರಶಿಕ್ಷಣಾರ್ಥಿಗಳು ಇಲ್ಲಿಯೇ ನಿಲ್ಲುತ್ತೇವೆ ಎಂದು ನನಗೆ ಗೊತ್ತು, ಹಾಸ್ಟೆಲಿನಲ್ಲಿ ರಾತ್ರಿ ಮಾತಾಡುವುದೇ ಇದನ್ನು. ಸದ್ದಿಲ್ಲದೆ ತಿದ್ದುವುದು ಪ್ರಾಮಾಣಿಕವಾಗಿಯೇ ಕಾಣುತ್ತದೆ, ಮಕ್ಕಳಿಗೆ ಕೊನೆಗೆ ಸರಿಯಾದದ್ದು ತಲುಪುತ್ತದಲ್ಲ ಎಂದು. ಆದರೆ ಅದು ಸಾಲದು, ತಪ್ಪು ಗೊತ್ತಾದ ದಿನವೇ ಮಾರ್ಗದರ್ಶಿ ಶಿಕ್ಷಕರಿಗೆ ಹೇಳಬೇಕು, ಹೇಳುವಾಗ ಪರಿಹಾರವನ್ನೂ ಮುಂದಿಡಬೇಕು, ಅವರು ಒಪ್ಪುವ ಮೊದಲು ಅದನ್ನು ಜಾರಿಗೆ ತರಬಾರದು ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಮೂರನೇ ವಾರದಲ್ಲಿ ಒಂದು ಅಮ್ಮೀಟರ್ ಸುಟ್ಟು ಕಲಿತೆ.

ಆ ಕಥೆ ಚಿಕ್ಕದು. ಪ್ರಯೋಗಾಲಯದಲ್ಲಿ ಒಬ್ಬಳೇ ಪ್ರಯೋಗ ಜೋಡಿಸಿ ನೋಡುತ್ತಿದ್ದಾಗ ಅಮ್ಮೀಟರನ್ನು ರೋಧಕದ ಜೊತೆ ಸರಣಿಯಲ್ಲಿ ಹಾಕುವ ಬದಲು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಹಾಕಿದೆ. ಅಮ್ಮೀಟರಿನ ರೋಧ ತೀರಾ ಕಡಿಮೆ, ಮುಳ್ಳು ಒಮ್ಮೆಲೇ ಕೊನೆಗೆ ಹೊಡೆದು ಅಲ್ಲೇ ನಿಂತಿತು. ಬ್ಯಾಟರಿ ಕಳಚಿದ ಮೇಲೆ ಮುಳ್ಳನ್ನು ತಟ್ಟಿ ಸೊನ್ನೆಗೆ ತಂದು, ಮೀಟರನ್ನು ಬೀರುವಿನಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ತಿಂಗಳ ಸ್ಟೈಪೆಂಡ್ ಬಂದ ಮೇಲೆ ಹೊಸದು ತಂದಿಟ್ಟರಾಯಿತು ಎಂದುಕೊಂಡೆ. ಆರು ದಿನ ಕಳೆದು ಮೇಡಂ ‘ಎ’ ವಿಭಾಗಕ್ಕೆ ಓಮನ ನಿಯಮದ ಪ್ರಯೋಗ ತೋರಿಸಲು ಅದೇ ಮೀಟರ್ ತೆಗೆದುಕೊಂಡು ಹೋದರು. ಮುಳ್ಳು ಅಲುಗಲಿಲ್ಲ. ಅವರು ತಂತಿ ಬದಲಿಸಿದರು, ಕೀಲಿ ಉಜ್ಜಿದರು, ಸೆಲ್ ಬದಲಿಸಿದರು, ಪೀರಿಯಡ್ ಮುಗಿಯಿತು. ಸಂಜೆ ನಾನು ಒಪ್ಪಿಕೊಂಡಾಗ ಅವರು ಹೇಳಿದ್ದು ಇಷ್ಟೇ: “ಮೀಟರ್ ಹೋಗಿದ್ದಕ್ಕಲ್ಲಮ್ಮ. ಲ್ಯಾಬು ಅಂದ್ಮೇಲೆ ಮೀಟರ್ ಹೋಗ್ತವೆ. ಇಲ್ಲದ ತಪ್ಪನ್ನ ಹುಡುಕ್ತಾ ನಲವತ್ತು ಮಕ್ಕಳ ಮುಂದೆ ನಾನು ನಿಂತೆ ನೋಡು, ಅದಕ್ಕೆ ಬೇಜಾರು.”

ನನ್ನ ತಪ್ಪಿನ ಬೆಲೆ ಒಂದು ಮೀಟರ್. ನನ್ನ ಮೌನದ ಬೆಲೆಯನ್ನು ಮಾತ್ರ ಬೇರೆಯವರು ತೆತ್ತರು. ಬಲ್ಬಿನ ರಾತ್ರಿ ಫೋನ್ ಕೈಗೆತ್ತಿಕೊಳ್ಳುವಂತೆ ಮಾಡಿದ್ದು ಆ ನೆನಪು.

ಆದರೂ ಮೊದಲು ಟೈಪ್ ಮಾಡಿದ ಸಂದೇಶ ಹೀಗಿತ್ತು: “ಮೇಡಂ ನಮಸ್ಕಾರ. ಇವತ್ತಿನ ತರಗತಿ ಚೆನ್ನಾಗಿ ಆಯ್ತು. ಕೊನೆಯಲ್ಲಿ ಒಂದು ಸಣ್ಣ ಗೊಂದಲ ಆಗಿದೆ. ನಾಳೆ ಬಂದಾಗ ಹೇಳ್ತೀನಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ ಮೇಡಂ.” ಕಳಿಸುವ ಮೊದಲು ಓದಿಕೊಂಡೆ. ಇದರಲ್ಲಿ ತಪ್ಪು ಏನೆಂದೇ ಇಲ್ಲ. ಯಾವ ವಿಭಾಗ, ಎಷ್ಟು ಮಕ್ಕಳು ಎಂದಿಲ್ಲ. ಇದನ್ನು ಓದಿದವರು ಏನೂ ಮಾಡಲಾಗದೆ ರಾತ್ರಿಯಿಡೀ ಏನಾಗಿದೆಯೋ ಎಂದುಕೊಂಡಿರಬೇಕು, ಅಷ್ಟೇ. ನಾಲ್ಕು ವಾಕ್ಯ ನನ್ನ ಹೆದರಿಕೆಯ ಬಗ್ಗೆ ಇದ್ದವು, ಮಕ್ಕಳ ಬಗ್ಗೆ ಒಂದೂ ಇರಲಿಲ್ಲ. ಅಳಿಸಿದೆ.

ಬರೆಯುವ ಮೊದಲು ಇನ್ನೊಂದು ಕೆಲಸ ಮಾಡಿದೆ. ತಪ್ಪು ಎಲ್ಲೆಲ್ಲಿಗೆ ಹೋಗಿದೆ ಎಂದು ಹಾಳೆಯ ಮೇಲೆ ಬರೆದುಕೊಂಡೆ. ‘ಬಿ’ ವಿಭಾಗದ ನೋಟ್‌ಬುಕ್ಕುಗಳು ಸರಿ. ಆಗ ನೆನಪಾಯಿತು, ಮಧ್ಯಾಹ್ನವೇ ನನ್ನ ಬೋರ್ಡಿನ ಫೋಟೋವನ್ನು ಸಹಪಾಠಿಗೆ ಕಳಿಸಿದ್ದೆ. ಬುಧವಾರ ಮೂರನೇ ಪೀರಿಯಡ್‌ನಲ್ಲಿ ಅದೇ ಪಾಠವನ್ನು ‘ಎ’ ವಿಭಾಗಕ್ಕೆ ಮಾಡುವವಳು ಅವಳು. ಶನಿವಾರ ಘಟಕ ಪರೀಕ್ಷೆ ಬೇರೆ. ಗುರುವಾರದವರೆಗೆ ಸುಮ್ಮನಿದ್ದಿದ್ದರೆ ಬುಧವಾರವೇ ತಪ್ಪು ಎರಡರಷ್ಟಾಗುತ್ತಿತ್ತು. ಸದ್ದಿಲ್ಲದೆ ತಿದ್ದುವ ನನ್ನ ಯೋಚನೆಯಲ್ಲಿ ಈ ‘ಎ’ ವಿಭಾಗ ಇರಲೇ ಇಲ್ಲ. ನಮ್ಮ ತಪ್ಪು ನಮ್ಮ ಕಣ್ಣಿಗೆ ಯಾವಾಗಲೂ ನಾವು ನಿಂತ ಕೋಣೆಯಷ್ಟೇ ಕಾಣುತ್ತದೆ.

ಸಹಪಾಠಿಗೆ ಮೇಡಂ ಅನುಮತಿ ಕೇಳದೆ ತಕ್ಷಣ ಫೋನ್ ಮಾಡಿದೆ. ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕು. ತಪ್ಪು ಮುಂದೆ ಹರಡುವುದನ್ನು ನಿಲ್ಲಿಸಲು ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ಆಗಿಹೋದದ್ದನ್ನು ಹೇಗೆ ತಿದ್ದಬೇಕು ಎನ್ನುವುದಕ್ಕೆ ಕಾಯಬೇಕು, ಏಕೆಂದರೆ ಆ ತರಗತಿ ನಮ್ಮದಲ್ಲ. ಇಂಟರ್ನ್‌ಶಿಪ್ ಮುಗಿದ ಮೇಲೆ ಆ ಮಕ್ಕಳ ಜೊತೆ ವಾರ್ಷಿಕ ಪರೀಕ್ಷೆಯವರೆಗೆ ಇರುವವರು ಅವರು.

ಎಂಟೂಕಾಲಿಗೆ ಕಳಿಸಿದ್ದು ಇದು: “ಮೇಡಂ, ಇವತ್ತು 10ನೇ ‘ಬಿ’ಯಲ್ಲಿ ನಾನು ಒಂದು ವಿಷಯ ತಪ್ಪು ಹೇಳಿ, ಬರೆಸಿದ್ದೇನೆ. 60 ಮತ್ತು 100 ವ್ಯಾಟಿನ ಬಲ್ಬು ಸರಣಿಯಲ್ಲಿದ್ದರೆ 100ರದ್ದು ಹೆಚ್ಚು ಬೆಳಗುತ್ತದೆ ಎಂದಿದ್ದೆ. ಸರಿ ಉತ್ತರ 60ರದ್ದು. 38 ಮಕ್ಕಳ ನೋಟ್ಸಿನಲ್ಲಿ ಇದೆ. ‘ಎ’ ವಿಭಾಗಕ್ಕೆ ಹೋಗಿಲ್ಲ, ನಾಳೆ ಪಾಠ ಮಾಡುವವರಿಗೆ ಈಗಲೇ ಹೇಳಿದ್ದೇನೆ. ಗುರುವಾರ ಮೊದಲ ಹತ್ತು ನಿಮಿಷದಲ್ಲಿ ಎರಡು ಬಲ್ಬು ಜೋಡಿಸಿ ತೋರಿಸಿ, ನಂತರ ನೋಟ್ಸ್ ತಿದ್ದಿಸಬೇಕು ಅಂದುಕೊಂಡಿದ್ದೇನೆ. ನೀವು ಒಪ್ಪಿದರೆ ಮಾಡ್ತೀನಿ. ಶನಿವಾರದ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕೆ ಸಂಬಂಧಿಸಿದ್ದು ಇದ್ದರೆ ಒಮ್ಮೆ ನೋಡಿ ಮೇಡಂ.”

ಕ್ಷಮೆ ಕೇಳಿರಲಿಲ್ಲ. ಅದನ್ನು ಮರುದಿನ ಎದುರಿಗೆ ಕೇಳಿದೆ. ಅವರ ಉತ್ತರ ಇಪ್ಪತ್ತು ನಿಮಿಷದಲ್ಲಿ ಬಂತು: “ಪೇಪರ್‌ನಲ್ಲಿ ಇದೇ ಪ್ರಶ್ನೆ ಇದೆ. ನಾಳೆ ಝೆರಾಕ್ಸ್‌ಗೆ ಕೊಡೋದಿತ್ತು. ತಡೆದಿದ್ದೀನಿ. ಒಂಬತ್ತೂವರೆಗೆ ಬಾ.”

ಗುರುವಾರ ತರಗತಿಗೆ ಹೋಗುವ ಮುಂಚೆ ಹೇಳಿದ್ದರೆ ಝೆರಾಕ್ಸ್ ಆಗಿಹೋಗಿರುತ್ತಿತ್ತು. ಇದು ನನಗೆ ಹೇಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಬೇಗ ಹೇಳಬೇಕಾದದ್ದೇ ಈ ಕಾರಣಕ್ಕೆ: ತಪ್ಪು ಯಾವ ಯಾವ ಕೆಲಸಕ್ಕೆ ತಾಗುತ್ತದೆ ಎನ್ನುವುದು ಹೊಸಬರಿಗೆ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧ ಮೇಲ್ವಿಚಾರಕರಿಗೆ ಗೊತ್ತಿರುತ್ತದೆ.

ಇನ್ನು ಪರಿಹಾರದ ಮಾತು. ನಾನು ಯೋಚಿಸಿದ್ದು ಎಲೆಕ್ಟ್ರಿಷಿಯನ್ ಹತ್ತಿರ ಎರಡು ಹೋಲ್ಡರ್ ಇರುವ ಮರದ ಹಲಗೆ ಮಾಡಿಸಿ, ನಿಜವಾದ 60 ಮತ್ತು 100ರ ಬಲ್ಬುಗಳನ್ನೇ ತರಗತಿಯ ಪ್ಲಗ್ಗಿಗೆ ಹಾಕಿ ತೋರಿಸುವುದು. ಬೆಳಿಗ್ಗೆ ಹೇಳಿದ ಕೂಡಲೇ ಮೇಡಂ ಬೇಡವೆಂದರು. 220 ವೋಲ್ಟಿನ ಬಿಡಿ ತಂತಿಯನ್ನು ಮಕ್ಕಳು ಮುತ್ತಿಕೊಂಡು ನಿಲ್ಲುವ ಮೇಜಿನ ಮೇಲೆ, ಅದೂ ಪ್ರಶಿಕ್ಷಣಾರ್ಥಿಯೊಬ್ಬಳು ಇಟ್ಟರೆ, ಏನಾದರೂ ಆದಾಗ ಉತ್ತರ ಹೇಳುವವರು ಯಾರು? ತಪ್ಪನ್ನು ತಿದ್ದುವ ಅವಸರದಲ್ಲಿ ನಾನು ಅದಕ್ಕಿಂತ ದೊಡ್ಡ ಅಪಾಯ ತರುವುದರಲ್ಲಿದ್ದೆ. ಬದಲಿಗೆ ಅವರು ಸೂಚಿಸಿದ್ದು ಕಾರಿನ ಬಲ್ಬು: ಇಂಡಿಕೇಟರಿನ 12 ವೋಲ್ಟ್ 21 ವ್ಯಾಟಿನದು, ಪಾರ್ಕಿಂಗ್ ದೀಪದ 12 ವೋಲ್ಟ್ 5 ವ್ಯಾಟಿನದು. ಎರಡೂ ಗ್ಯಾರೇಜಿನಲ್ಲಿ ಸಿಕ್ಕವು. ಒಂದು ಬೈಕಿನ ಬ್ಯಾಟರಿ, ಮಧ್ಯೆ ಒಂದು ಫ್ಯೂಸ್. 12 ವೋಲ್ಟ್ ಮುಟ್ಟಿದರೆ ಷಾಕ್ ಹೊಡೆಯದಿದ್ದರೂ ತುದಿಗೆ ತುದಿ ತಾಗಿದರೆ ತಂತಿ ಕಾದು ಕೆಂಪಾಗುತ್ತದೆ, ಆದ್ದರಿಂದ ಫ್ಯೂಸ್ ಬಿಡಬಾರದು.

ಬುಧವಾರ ಬಿಡುವಿನಲ್ಲಿ ಲ್ಯಾಬಿನಲ್ಲಿ ಹಾಕಿ ನೋಡಿದೆವು. ಸರಣಿಯಲ್ಲಿ 5 ವ್ಯಾಟಿನ ಬಲ್ಬು ಹೊಳೆಯಿತು, 21ರದ್ದು ಸತ್ತಂತೆ ಇತ್ತು. ಲೆಕ್ಕದಲ್ಲಿ ಅದಕ್ಕೆ ಒಂದು ವ್ಯಾಟ್ ಕೂಡ ಸಿಗುವುದಿಲ್ಲ, ಕಾಯದ ತಂತುವಿನ ರೋಧ ಇನ್ನೂ ಕಡಿಮೆ ಇರುವುದರಿಂದ ನಿಜದಲ್ಲಿ ಅದಕ್ಕಿಂತಲೂ ಕಡಿಮೆ. “ಇದು ನೋಡಿದ ತಕ್ಷಣ ಬಲ್ಬು ಹೋಗಿದೆ ಮಿಸ್ ಅಂತಾರೆ,” ಎಂದರು ಮೇಡಂ. ಹಾಗಾಗಿ ಕ್ರಮ ಬದಲಿಸಿದೆವು. ಮೊದಲು ಎರಡನ್ನೂ ಒಂದೊಂದಾಗಿ ಬ್ಯಾಟರಿಗೆ ಹಾಕಿ ತೋರಿಸುವುದು, ಆಮೇಲೆ ಸಮಾಂತರವಾಗಿ, ಕೊನೆಗೆ ಸರಣಿಯಲ್ಲಿ. ಸರಣಿಯಲ್ಲಿರುವಾಗ ಉರಿಯದ ಬಲ್ಬನ್ನು ಹೋಲ್ಡರಿನಿಂದ ತೆಗೆದರೆ ಉರಿಯುತ್ತಿದ್ದದ್ದೂ ಆರುತ್ತದೆ, ಆಗ ಅದರ ಮೂಲಕ ಪ್ರವಾಹ ಹರಿಯುತ್ತಲೇ ಇತ್ತು ಎನ್ನುವುದು ಮಕ್ಕಳಿಗೆ ತಾವಾಗಿ ಹೊಳೆಯುತ್ತದೆ. ಇದು ನನ್ನ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಪರಿಹಾರದೊಂದಿಗೆ ಹೋಗಿದ್ದರಿಂದಲೇ ಮಾತು ‘ಯಾಕೆ ಹೀಗೆ ಮಾಡಿದೆ’ ಎಂಬಲ್ಲಿ ನಿಲ್ಲದೆ ‘ಹೇಗೆ ಮಾಡೋಣ’ ಎಂಬಲ್ಲಿಗೆ ಬಂತು. ಆದರೆ ತರಗತಿಗೆ ಹೋದದ್ದು ನನ್ನ ಪರಿಹಾರವಲ್ಲ, ಅವರು ತಿದ್ದಿದ್ದು.

ಮಕ್ಕಳಿಗೆ ಹೇಗೆ ಹೇಳುವುದು ಎಂಬಲ್ಲಿ ನಮ್ಮ ಕಾಲೇಜಿನಲ್ಲೇ ಎರಡು ಅಭಿಪ್ರಾಯ ಇದೆ. ಪ್ರಶಿಕ್ಷಣಾರ್ಥಿ ತರಗತಿಯ ಮುಂದೆ ತಪ್ಪೊಪ್ಪಿಕೊಂಡರೆ ಹಿಡಿತ ತಪ್ಪುತ್ತದೆ, ‘ಇನ್ನೊಂದು ರೀತಿ ನೋಡೋಣ’ ಎಂದು ನಯವಾಗಿ ತಿರುಗಿಸಬೇಕು ಎನ್ನುವವರಿದ್ದಾರೆ. ಆ ಹೆದರಿಕೆ ಸುಳ್ಳಲ್ಲ. ಮೊದಲ ವಾರದಲ್ಲಿ ನನ್ನ ಮಾತನ್ನು ಕೇಳುವಂತೆ ಮಾಡಲು ನಾನು ಪಟ್ಟ ಪಾಡು ನನಗೆ ಗೊತ್ತು. ಆದರೆ ನಯವಾಗಿ ತಿರುಗಿಸಿದರೆ ಹಳೆಯ ವಾಕ್ಯ ನೋಟ್‌ಬುಕ್ಕಿನಲ್ಲಿ ಹಾಗೇ ಉಳಿಯುತ್ತದೆ, ಪರೀಕ್ಷೆಯ ಹಿಂದಿನ ದಿನ ಮಗು ಓದುವುದು ನೋಟ್‌ಬುಕ್ಕನ್ನು. ಗುರುವಾರ ನಾನು ಹೇಳಿದ್ದು ಇಷ್ಟು: “ಮಂಗಳವಾರ ನಾನು ಬರೆಸಿದ್ದು ತಪ್ಪು. ಆ ವಾಕ್ಯದ ಮೇಲೆ ಒಂದು ಗೆರೆ ಎಳೀರಿ, ಅಳಿಸಬೇಡಿ. ಯಾಕೆ ತಪ್ಪು ಅಂತ ಈಗ ನೀವೇ ನನಗೆ ಹೇಳ್ತೀರಿ.” ಪ್ರಶ್ನೆ ಕೇಳಿದ್ದ ಹುಡುಗನ ಕೈಯಲ್ಲೇ ಬಲ್ಬು ತೆಗೆಸಿದೆ. ಗಲಾಟೆ ಆಯಿತು, ಆದರೆ ಬಲ್ಬಿನ ಬಗ್ಗೆ. ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ವಿಷಯ ಅವರಿಗೆ ಮೊದಲೇ ಗೊತ್ತಿದ್ದದ್ದರಿಂದ ನನ್ನ ಧ್ವನಿ ನಡುಗಲಿಲ್ಲ ಎಂದೂ ಹೇಳಬೇಕು.

ಪ್ರತಿಯೊಂದನ್ನೂ ಹೀಗೆ ವರದಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಬೋರ್ಡಿನ ಮೇಲೆ ಒತ್ತಕ್ಷರ ತಪ್ಪಿದರೆ, ಲೆಕ್ಕದಲ್ಲಿ ದಶಮಾಂಶ ಬಿಟ್ಟು ಅದೇ ಪೀರಿಯಡ್‌ನಲ್ಲಿ ಸರಿಪಡಿಸಿದರೆ, ಅದಕ್ಕೆ ರಾತ್ರಿ ಎಂಟಕ್ಕೆ ಸಂದೇಶ ಕಳಿಸಿದರೆ ಮಾರ್ಗದರ್ಶಿಗಳು ಫೋನ್ ಆಫ್ ಮಾಡುತ್ತಾರೆ. ನಾನು ಇಟ್ಟುಕೊಂಡ ಅಳತೆ ಒಂದೇ: ಗಂಟೆ ಹೊಡೆದಾಗ ತಪ್ಪು ಕೋಣೆಯಿಂದ ಹೊರಗೆ ಹೋಯಿತೇ? ನೋಟ್‌ಬುಕ್ಕಿಗೆ, ಅಂಕಪಟ್ಟಿಗೆ, ಹಾಜರಿಗೆ, ಬೀರುವಿಗೆ ಹೋದರೆ ಹೇಳಬೇಕು. ತಪ್ಪು ಹೌದೋ ಅಲ್ಲವೋ ಎಂದೇ ಅನುಮಾನವಿದ್ದರೆ ಪಠ್ಯಪುಸ್ತಕ ತೆಗೆದು ಅರ್ಧ ಗಂಟೆ ನೋಡಬಹುದು. ಅಷ್ಟರಲ್ಲಿ ತಿಳಿಯದಿದ್ದರೆ ‘ಅನುಮಾನವಿದೆ’ ಎಂದೇ ಹೇಳುವುದು. ಖಚಿತವಾಗಲಿ ಎಂದು ಎರಡು ದಿನ ಕಾಯುವುದು ಬಹಳ ಸಲ ಧೈರ್ಯಕ್ಕಾಗಿ ಕಾಯುವುದೇ ಆಗಿರುತ್ತದೆ.

ಕಾಲೇಜಿನ ಮೇಲ್ವಿಚಾರಕರಿಗೆ ನಾನು ಹೇಳಿದ್ದು ಬುಧವಾರ, ಮೇಡಂ ನಂತರ. ಮೊದಲು ಶಾಲೆ, ಏಕೆಂದರೆ ನಾಳೆ ಬೆಳಿಗ್ಗೆ ಏನಾದರೂ ಮಾಡಬಲ್ಲವರು ಅಲ್ಲಿದ್ದಾರೆ. ಸರ್ ಕೇಳಿ, “ಪ್ರತಿಫಲನ ದಿನಚರಿಯಲ್ಲಿ ಬರೆದಿಡಿ” ಎಂದರು. ಗೆಳತಿಯರು ಬರೆಯಬೇಡ ಎಂದರು, ದಿನಚರಿಗೆ ಆಂತರಿಕ ಅಂಕ ಇದೆಯಲ್ಲ. ಇಲ್ಲಿ ಈ ಪತ್ರಿಕೆಯನ್ನು ಓದುವ ನಮ್ಮ ಅಧ್ಯಾಪಕರಲ್ಲಿ ಒಂದು ಕೋರಿಕೆ ಇದೆ. ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಕಪ್ಪುಹಲಗೆ ಕೆಲಸ, ಧ್ವನಿಯ ಏರಿಳಿತ, ಎಲ್ಲಕ್ಕೂ ಕಲಂ ಇದೆ. ‘ವಿಷಯ ನಿರೂಪಣೆಯಲ್ಲಿ ದೋಷ’ ಎಂಬಲ್ಲಿ ಅಂಕ ಕಳೆಯಲು ಜಾಗ ಇದೆ. ಆ ದೋಷವನ್ನು ನಾವೇ ಕಂಡು, ಹೇಳಿ, ತಿದ್ದಿದ್ದನ್ನು ಬರೆಯಲು ಜಾಗ ಇಲ್ಲ. ನೀವು ನೋಡದ ಪಾಠಗಳೇ ನಮ್ಮವು ಹೆಚ್ಚು. ಎರಡು ವರ್ಷದ ಬಿ.ಇಡಿ.ಯಲ್ಲಿ ಇಂಟರ್ನ್‌ಶಿಪ್ 20 ವಾರ, ಅದರಲ್ಲಿ ನೀವು ಹಿಂದೆ ಕುಳಿತಿರುವುದು ಕೆಲವೇ ಪೀರಿಯಡ್. ಉಳಿದ ಪಾಠಗಳಲ್ಲಿ ಏನು ತಪ್ಪಾಯಿತು ಎನ್ನುವುದು ನಾವು ಹೇಳಿದರೆ ಮಾತ್ರ ಗೊತ್ತಾಗುತ್ತದೆ, ಹೇಳಿದವರಿಗೆ ಅಂಕ ಹೋಗುವುದಾದರೆ ಹೇಳುವವರು ಯಾರು? ಹೆಚ್ಚು ಬೇಡ, ನಮೂನೆಯಲ್ಲಿ ಒಂದು ಸಾಲು ಸಾಕು: ‘ಪ್ರಶಿಕ್ಷಣಾರ್ಥಿಯು ತಾನೇ ಗುರುತಿಸಿ ತಿಳಿಸಿದ ದೋಷ, ತಿಳಿಸಿದ ದಿನ, ಕೈಗೊಂಡ ಕ್ರಮ’. ಅದಕ್ಕೆ ಅಂಕವೂ ಬೇಡ. ಅಂಕ ಕೊಟ್ಟರೆ ನಾವು ತಪ್ಪುಗಳನ್ನು ಸೃಷ್ಟಿಸಿ ಬರೆಯುತ್ತೇವೆ, ನಮ್ಮನ್ನು ನಾವು ಬಲ್ಲೆವು.

ನಾನು ದಿನಚರಿಯಲ್ಲಿ ಬರೆದೆ. ಆ ಪುಟದ ಮೇಲೆ ಸರ್ ಸಹಿ ಮಾತ್ರ ಇದೆ, ಬೇರೇನೂ ಇಲ್ಲ.

ಶನಿವಾರದ ಪರೀಕ್ಷೆಯಲ್ಲಿ ಆ ಪ್ರಶ್ನೆ ಉಳಿಯಿತು, ಮೇಡಂ ಅದರ ಮುಂದೆ ‘ಕಾರಣ ಕೊಡಿ’ ಎಂದು ಸೇರಿಸಿದ್ದರು. ‘ಬಿ’ ವಿಭಾಗದಲ್ಲಿ ಐದು ಮಕ್ಕಳು ಇನ್ನೂ ‘100 ವ್ಯಾಟ್’ ಎಂದೇ ಬರೆದರು. ಅವರಲ್ಲಿ ಮೂವರು ಗುರುವಾರ ಗೈರುಹಾಜರಾಗಿದ್ದವರು. ಗೈರುಹಾಜರಾದವರ ನೋಟ್ಸನ್ನೂ ತಿದ್ದಿಸಬೇಕೆಂಬುದು ನನಗೂ ಹೊಳೆದಿರಲಿಲ್ಲ, ಮೇಡಂಗೂ ಹೊಳೆದಿರಲಿಲ್ಲ. ಉತ್ತರಪತ್ರಿಕೆ ತಿದ್ದಿದ ಸಂಜೆಯೇ ಐವರ ಹೆಸರು ಬರೆದು ಅವರಿಗೆ ಕೊಟ್ಟೆ. ಸೋಮವಾರ ಊಟದ ಬಿಡುವಿನಲ್ಲಿ ಐವರನ್ನೂ ಲ್ಯಾಬಿಗೆ ಕರೆದು ಬ್ಯಾಟರಿ ಮತ್ತೆ ಹೊರಗೆ ತೆಗೆದೆವು.